ಮಗು ಅಡ್ಮಿಟ್ ಆಗಿದೆ, ಮ್ಯಾನೇಜರ್‌ಗೆ ರಜೆ ಹೇಗೆ ಕೇಳಲಿ?

ಪ್ರಶ್ನೆ: ಮಗಳಿಗೆ ಡೆಂಗಿ, ನಿನ್ನೆ ಹುಬ್ಬಳ್ಳಿಯಲ್ಲಿ ಅಡ್ಮಿಟ್ ಮಾಡಿದ್ದೀವಿ. ಜೊತೆಗಿರೋಕೆ ನಾಲ್ಕೈದು ದಿನ ರಜೆ ಬೇಕು. ಮ್ಯಾನೇಜರ್ ಸ್ವಲ್ಪ ಸ್ಟ್ರಿಕ್ಟ್. ‘ದಿನಾ ಅಪ್ಡೇಟ್ ಕೊಡ್ತೀನಿ ಸರ್’ ಅಂತ ಹೇಳಿದ್ರೆ ಒಪ್ಪಬಹುದಾ? ಹೇಗೆ ಬರೆಯಲಿ?

ಒಪ್ಪುತ್ತಾರೆ. ನಮ್ಮ ಮ್ಯಾನೇಜರ್ ಕೂಡ ಒಂದೇ ಮಾತಿಗೆ ಒಪ್ಪಿದ್ದರು. ನನಗೆ ತೊಂದರೆ ಆಗಿದ್ದು ರಜೆ ಕೇಳಿದ್ದರಿಂದಲ್ಲ, ಆ ಅಪ್ಡೇಟ್‌ನಿಂದಲೇ.

2024ರ ಮಳೆಗಾಲ. ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದ ವರ್ಷ. ನಾನು ಗೋಕುಲ ರಸ್ತೆ ಕಡೆ ಪೈಪು, ಪಂಪ್‌ಸೆಟ್ ಸಾಮಾನಿನ ಡೀಲರ್ ಹತ್ತಿರ ಗೋಡೌನ್ ನೋಡಿಕೊಳ್ಳುತ್ತಿದ್ದೆ. ಗದಗ, ರೋಣ, ನರಗುಂದದ ಕಡೆ ಹೋಗೋ ಲೋಡು ನನ್ನ ಕೈಯಿಂದಲೇ ಹೋಗಬೇಕು. ಮಗಳಿಗೆ ಆರು ವರ್ಷ. ಎನ್ಎಸ್1 ಪಾಸಿಟಿವ್ ಬಂತು, ಅಡ್ಮಿಟ್ ಮಾಡಿದೆವು. ಮನೆಯಲ್ಲಿ ಇನ್ನೊಂದು ಕೂಸು ಎದೆಹಾಲು ಕುಡಿಯೋದು, ಹಾಗಾಗಿ ಹೆಂಡತಿ ರಾತ್ರಿ ಆಸ್ಪತ್ರೆಯಲ್ಲಿ ಇರೋ ಹಾಗಿರಲಿಲ್ಲ. ಮಕ್ಕಳ ವಾರ್ಡ್‌ನಲ್ಲಿ ಒಬ್ಬರಿಗೇ ಪಾಸು. ಆ ಒಬ್ಬ ನಾನೇ ಆಗಬೇಕಿತ್ತು.

ಮ್ಯಾನೇಜರ್‌ಗೆ ಫೋನ್ ಮಾಡಿದೆ. “ಮನಿಯವರು ಅದಾರಲ್ರಿ?” ಅಂದರು. ಈ ಪ್ರಶ್ನೆ ನಿಮಗೂ ಬರುತ್ತೆ, ಉತ್ತರ ರೆಡಿ ಇಟ್ಟುಕೊಳ್ಳಿ. ನಾನು ಕೂಸಿನ ವಿಷಯ ಹೇಳಿದೆ. “ಆತ್ರಿ, ಗದಗ ಬ್ರಾಂಚ್ ಹುಡುಗನ್ನ ಕರಸ್ಕೋತೀನಿ. ದಿನಾ ಹೇಳ್ಕೋಂತ ಇರ್ರಿ” ಅಂದರು. ಹೂಂ ಅಂದೆ. ಏನು ಹೇಳಬೇಕು, ಯಾವಾಗ ಹೇಳಬೇಕು ಅಂತ ಮಾತಾಡಲೇ ಇಲ್ಲ.

ಆಮೇಲೆ ಶುರುವಾಯಿತು ನೋಡಿ ನನ್ನ ವರದಿಗಾರಿಕೆ. ಬೆಳಿಗ್ಗೆ ರಿಪೋರ್ಟ್ ಬಂದ ತಕ್ಷಣ ಫೋಟೋ ಹೊಡೆದು ವಾಟ್ಸಾಪ್‌ಗೆ ಹಾಕುತ್ತಿದ್ದೆ. ಪ್ಲೇಟ್‌ಲೆಟ್ ಇಷ್ಟು, ಜ್ವರ ಇಷ್ಟು, ಇಷ್ಟು ಇಡ್ಲಿ ತಿಂದಳು. ಅವರಿಂದ ಪಪಾಯಿ ಎಲೆ ರಸದ ವಿಡಿಯೋ ಬರುತ್ತಿತ್ತು, ಜೊತೆಗೆ “ಆ ಎರಡಿಂಚಿನ ವಾಲ್ವ್ ಎಲ್ಲಿ ಇಟ್ಟೀರಿ?” ಅನ್ನೋ ಪ್ರಶ್ನೆ. ಒಂದು ಮೆಸೇಜ್ ಹಾಕಿದರೆ ಮೂರು ಫೋನ್. ನಾವು ಆನ್‌ಲೈನ್ ಇದ್ದೀವಿ ಅಂತ ತೋರಿಸಿದ ಮೇಲೆ ಅವರು ಕೇಳದೆ ಬಿಡ್ತಾರಾ?

ಅದನ್ನು ಸಹಿಸಬಹುದಿತ್ತು. ನಿಜವಾದ ತಪ್ಪು ಜ್ವರದ ಐದನೇ ದಿನ ಆಯಿತು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕಂದ್ರೆ ಡೆಂಗಿ ಅಂದಿದ್ದೀರಿ, ನೀವೂ ಇದೇ ಜಾಗದಲ್ಲಿ ಎಡವಬಹುದು.

ಅವತ್ತು ಬೆಳಿಗ್ಗೆ ಮಗಳ ಮೈ ತಣ್ಣಗಿತ್ತು. ಥರ್ಮಾಮೀಟರ್ ನಾರ್ಮಲ್. ನಾನು ಖುಷಿಯಲ್ಲಿ ಡಾಕ್ಟರ್ ರೌಂಡ್ಸ್‌ಗೂ ಕಾಯಲಿಲ್ಲ. “ಸರ್, ಜ್ವರ ಬಿಟ್ಟಿದೆ, ನಾಳೆ ಬರ್ತೀನಿ” ಅಂತ ಮೆಸೇಜ್ ಹಾಕಿಬಿಟ್ಟೆ. ಬೇರೆ ಜ್ವರಗಳಲ್ಲಿ ಮೈ ತಣ್ಣಗಾದರೆ ಗೆದ್ದ ಹಾಗೆ, ಅಲ್ವಾ? ಡೆಂಗಿಯಲ್ಲಿ ಹಾಗಲ್ಲ. ಮೂರರಿಂದ ಏಳನೇ ದಿನದ ಒಳಗೆ ಜ್ವರ ಇಳಿಯುತ್ತೆ, ಅಪಾಯದ ಹೊತ್ತು ಶುರುವಾಗುವುದೂ ಆಗಲೇ. ರಕ್ತನಾಳದಿಂದ ರಕ್ತದ ನೀರಿನಂಶ ಹೊರಗೆ ಸೋರುತ್ತೆ. ಒಳಗೆ ಉಳಿದ ರಕ್ತ ಗಟ್ಟಿಯಾಗುತ್ತೆ. ರಿಪೋರ್ಟ್‌ನಲ್ಲಿ ಪಿಸಿವಿ ಅಂತ ಒಂದು ಸಾಲು ಇರುತ್ತಲ್ಲ, ಅದು ಏರುತ್ತೆ. ನಾವೆಲ್ಲ ಪ್ಲೇಟ್‌ಲೆಟ್ ಒಂದನ್ನೇ ನೋಡುತ್ತಾ ಕೂತಿರುತ್ತೇವೆ, ಡಾಕ್ಟರ್ ಎರಡನ್ನೂ ನೋಡುತ್ತಿರುತ್ತಾರೆ. ಈ ಸೋರಿಕೆ 24ರಿಂದ 48 ಗಂಟೆ ಇರುತ್ತೆ. ಎಲ್ಲ ಮಕ್ಕಳಿಗೂ ಇದು ಜೋರಾಗಲ್ಲ. ಆದರೆ ಯಾರಿಗೆ ಆಗುತ್ತೆ ಅಂತ ಅವತ್ತು ಬೆಳಿಗ್ಗೆ ಯಾರೂ ಹೇಳೋಕಾಗಲ್ಲ.

ಮಧ್ಯಾಹ್ನ ಮಗಳು ಹೊಟ್ಟೆನೋವು ಅಂತ ಅತ್ತಳು. ಮೇಲಿಂದ ಮೇಲೆ ವಾಂತಿ. ಸಂಜೆ ಹೊತ್ತಿಗೆ ಕೈಕಾಲು ತಣ್ಣಗೆ, ಕರೆದರೆ ಸರಿಯಾಗಿ ಕಣ್ಣು ಬಿಡುತ್ತಿರಲಿಲ್ಲ. ನರ್ಸ್ ಬಂದು ಅವಳ ಬೆರಳಿನ ಉಗುರನ್ನು ಒತ್ತಿ ಬಿಟ್ಟರು. ಬೆಳ್ಳಗಾದ ಉಗುರು ಕೆಂಪಗಾಗೋಕೆ ಎಷ್ಟು ಹೊತ್ತು ಅಂತ ಬಾಯಲ್ಲೇ ಎಣಿಸಿದರು. ಎರಡು ಸೆಕೆಂಡಿನ ಒಳಗೆ ಬಣ್ಣ ತಿರುಗಬೇಕಂತೆ, ತಿರುಗಲಿಲ್ಲ. ಇನ್ನೊಂದು ಬೆರಳು ಒತ್ತಿದರು. ನನ್ನ ಕಡೆ ನೋಡದೆ ಹೊರಗೆ ಹೋಗಿ ಡಾಕ್ಟರ್‌ನ ಕರೆದುಕೊಂಡು ಬಂದರು. ರಾತ್ರಿ ಐಸಿಯುಗೆ ಹಾಕಿದರು.

ಇತ್ತ ಮ್ಯಾನೇಜರ್ ನನ್ನ ಮೆಸೇಜ್ ನಂಬಿ ಗದಗಿನ ಹುಡುಗನನ್ನು ಸಂಜೆ ಬಸ್ಸಿಗೆ ಹತ್ತಿಸಿದ್ದರು. ಮರುದಿನದಿಂದ ತಿಂಗಳ ಕೊನೆಯ ಸ್ಟಾಕ್ ಎಣಿಕೆ. ಬೆಳಿಗ್ಗೆ ನಾನು ಫೋನ್ ಮಾಡಿ ಬರೋಕಾಗಲ್ಲ ಅಂದೆ. “ನಿನ್ನೆ ಜ್ವರ ಬಿಟ್ಟೇತಿ ಅಂದ್ರಲ್ರಿ? ಹುಡುಗನ್ನ ವಾಪಸ್ ಕಳಿಸೇನಿ. ಈಗ ಹಿಂಗಂದ್ರ ಹೆಂಗ್ರಿ?” ಅಂದರು. ಅವರಿಗೆ ನಾನು ಸುಳ್ಳು ಹೇಳಿದ ಹಾಗೇ ಕಾಣಿಸಿತು. ಮೈ ತಣ್ಣಗಾದ ಮೇಲೆ ಐಸಿಯು ಅಂದರೆ ಯಾರು ನಂಬುತ್ತಾರೆ? ಎಣಿಕೆ ಅರ್ಧಂಬರ್ಧ ಆಯಿತು, ಲೆಕ್ಕ ತಾಳೆಯಾಗಲಿಲ್ಲ. ಆ ಫೋನಿನ ನಂತರದ ದಿನಗಳೆಲ್ಲ ಹೇಳದೆ ಕೇಳದೆ ಹಾಕಿದ ರಜೆ ಅಂತ ಬರೆದು ಸಂಬಳ ಕಟ್ ಮಾಡಿದರು. ನನಗೆ ಸಿಟ್ಟು ಬಂದಿತ್ತು, ಆದರೆ ಬರಹದಲ್ಲಿ ಇದ್ದಿದ್ದು ನನ್ನದೇ “ನಾಳೆ ಬರ್ತೀನಿ”.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಮ್ಯಾನೇಜರ್ ಒಪ್ಪಲಿ ಅಂತ ದಿನಾ ಅಪ್ಡೇಟ್‌ನ ಬಾಡಿಗೆ ಥರ ಕಟ್ಟಬೇಡಿ. ಅವರಿಗೆ ಬೇಕಾಗಿರೋದು ನಿಮ್ಮ ಮಗಳ ಪ್ಲೇಟ್‌ಲೆಟ್ ಅಲ್ಲ. ನಿಮ್ಮ ಜಾಗಕ್ಕೆ ಯಾರು, ಎಲ್ಲಿಯ ತನಕ, ಇಷ್ಟೇ. ಅಪ್ಡೇಟ್ ಕೊಡಿ, ಆದರೆ ರಜೆಯ ತಾರೀಖಿನದು ಕೊಡಿ.

ಇನ್ನು ನಾಲ್ಕೈದು ದಿನ ಅನ್ನೋ ಲೆಕ್ಕ ಎಲ್ಲಿಂದ ಬಂತು? ಅಡ್ಮಿಟ್ ಆದ ದಿನದಿಂದ ಎಣಿಸಿದ್ದೀರಿ ಅನಿಸುತ್ತೆ. ಡೆಂಗಿಯಲ್ಲಿ ಜ್ವರ ಬಂದ ಮೊದಲ ದಿನದಿಂದ ಎಣಿಸಬೇಕು. ಡಾಕ್ಟರ್ ಹತ್ತಿರ “ಯಾವಾಗ ಡಿಸ್ಚಾರ್ಜ್?” ಅಂತ ಕೇಳಬೇಡಿ, “ನೋಡೋಣ” ಅಂತಾರೆ. “ಇವತ್ತು ಜ್ವರದ ಎಷ್ಟನೇ ದಿನ ಅಂತ ಹಿಡಿದಿದ್ದೀರಿ?” ಅಂತ ಕೇಳಿ, ಸರಿಯಾದ ಉತ್ತರ ಸಿಗುತ್ತೆ. ಉದಾಹರಣೆಗೆ ಸೋಮವಾರ ಮೂರನೇ ದಿನ ಅಂದರೆ ಏಳನೇ ದಿನ ಶುಕ್ರವಾರ. ಅಪಾಯದ ಹೊತ್ತು ದಾಟಿದ ಮೇಲೆ ಚೇತರಿಕೆಗೆ ಇನ್ನೂ ಎರಡು ಮೂರು ದಿನ ಬೇಕು. ಸೋರಿದ ನೀರು ಆಗ ವಾಪಸ್ ರಕ್ತಕ್ಕೆ ಸೇರುತ್ತೆ, ಸಲೈನ್ ಜಾಸ್ತಿ ಆಗಿದ್ದರೆ ಉಸಿರಾಟಕ್ಕೆ ತೊಂದರೆ ಕೊಡುತ್ತೆ. ಪ್ಲೇಟ್‌ಲೆಟ್ ಏರಿದ ಕೂಡಲೇ ಮನೆಗೆ ಕಳಿಸದೆ ಇರಿಸಿಕೊಳ್ಳೋಕೆ ಇದೂ ಒಂದು ಕಾರಣ. ಅಂದರೆ ಮುಂದಿನ ಸೋಮವಾರದ ತನಕ ರಜೆ ಕೇಳಿ. ಬೇಗ ಬಿಟ್ಟರೆ ಬೇಗ ಹೋಗಿ, ಯಾರೂ ಬೈಯಲ್ಲ. ಎರಡೆರಡು ದಿನ ಮುಂದೂಡುತ್ತಾ ಹೋದರೆ ಬೈಸಿಕೊಳ್ತೀರಿ.

ನಾನು ಈಗ ಬರೆಯೋದಾದರೆ ಹೀಗೆ ಬರೀತೀನಿ:

“ಸರ್, ಮಗಳಿಗೆ ಡೆಂಗಿ ಆಗಿ ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿದ್ದೇವೆ. ಇವತ್ತು ಜ್ವರದ ಮೂರನೇ ದಿನ. ಏಳನೇ ದಿನ ದಾಟುವ ತನಕ ಏನೂ ಹೇಳಲಾಗದು ಎಂದು ಡಾಕ್ಟರ್ ಹೇಳಿದ್ದಾರೆ. ಮಧ್ಯದಲ್ಲಿ ಜ್ವರ ಇಳಿದರೂ ಜೊತೆಗಿರಬೇಕು. ಹಾಗಾಗಿ ಇಂದಿನಿಂದ ಮುಂದಿನ ಸೋಮವಾರದವರೆಗೆ ರಜೆ ಬೇಕು. ಗೋಡೌನ್ ಕೀಲಿ ಮತ್ತು ಬಾಕಿ ಲೋಡುಗಳ ಪಟ್ಟಿ ಆಫೀಸಿನಲ್ಲಿ ಕೊಟ್ಟಿದ್ದೇನೆ. ದಿನಾ ಮಧ್ಯಾಹ್ನ ರೌಂಡ್ಸ್ ಮುಗಿದ ಮೇಲೆ ಒಂದು ಮೆಸೇಜ್ ಹಾಕುತ್ತೇನೆ. ತಾರೀಖು ಬದಲಾದರೆ ಅದರಲ್ಲೇ ತಿಳಿಸುತ್ತೇನೆ. ಉಳಿದ ಹೊತ್ತು ಫೋನ್ ತೆಗೆಯಲು ಆಗದಿರಬಹುದು.”

‘ಜ್ವರ ಇಳಿದರೂ’ ಅನ್ನೋ ಸಾಲನ್ನು ಮಾತ್ರ ಬಿಡಬೇಡಿ. ನನ್ನ ಮೆಸೇಜ್‌ನಲ್ಲಿ ಇರಲಿಲ್ಲ ಅದು. ಮೆಸೇಜ್ ರೌಂಡ್ಸ್ ಆದ ಮೇಲೇ ಹಾಕಿ, ಬೆಳಿಗ್ಗೆ ಎದ್ದ ತಕ್ಷಣ ಅಲ್ಲ. “ಇವತ್ತು ಐದನೇ ದಿನ, ನಿಗಾದಲ್ಲಿದ್ದಾಳೆ, ತಾರೀಖು ಬದಲಿಲ್ಲ” ಅಂದರೆ ಸಾಕು. ರಿಪೋರ್ಟ್ ಫೋಟೋ ಬೇಡ. “ನಾಳೆ ಬರ್ತೀನಿ” ಅನ್ನೋದು ಡಾಕ್ಟರ್ ಡಿಸ್ಚಾರ್ಜ್ ಬರೆದು ಕೈಗೆ ಕೊಟ್ಟ ಮೇಲೆ. ಇದನ್ನೇ ಒಂದು ಇಮೇಲ್ ಮಾಡಿ ಇಡಿ. ಫೋನಿನಲ್ಲಿ “ಆತ್ರಿ” ಅಂದಿದ್ದು ಸಂಬಳ ಹಾಕೋ ದಿನ ಯಾರಿಗೂ ನೆನಪಿರಲ್ಲ.

ಸಿಕ್ ಲೀವ್ ನಿಮಗೇ ಹುಷಾರಿಲ್ಲದಿದ್ದರೆ ಮಾತ್ರ, ಮಗುವಿಗೆ ಕೊಡಲ್ಲ ಅಂತ ನಮ್ಮ ಆಫೀಸಿನಲ್ಲಿ ಅಂದರು. ಆಗ ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಅಂಗಡಿ, ಆಫೀಸುಗಳಿಗೆ ಅನ್ವಯವಾಗೋದು ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಅದರ 15ನೇ ಕಲಂ ಪ್ರಕಾರ ವರ್ಷಕ್ಕೆ 12 ದಿನದ ತನಕ ಸಂಬಳ ಸಹಿತ ರಜೆ ಇದೆ. ಸ್ವಂತ ಕಾಯಿಲೆ ಅಥವಾ ಅಪಘಾತ ಅಷ್ಟೇ ಅಲ್ಲ, ಬೇರೆ ಯಾವುದೇ ಸಮಂಜಸ ಕಾರಣಕ್ಕೂ ಅದನ್ನು ತಗೋಬಹುದು. ಆರು ವರ್ಷದ ಮಗು ಐಸಿಯುನಲ್ಲಿ ಇರೋದು ಸಮಂಜಸ ಕಾರಣ ಅಲ್ಲ ಅಂತ ಯಾರು ಹೇಳ್ತಾರೋ ನೋಡೋಣ. ಫ್ಯಾಕ್ಟರಿಯಾದರೆ ಕಾನೂನು ಬೇರೆ. ಇಎಸ್ಐ ಇದ್ದರೆ ಮಗುವಿನ ಚಿಕಿತ್ಸೆ ಅದರಲ್ಲಿ ಆಗುತ್ತೆ. ಆದರೆ ರಜೆಯ ದಿನಗಳಿಗೆ ಅಲ್ಲಿಂದ ಬರೋ ದುಡ್ಡು ನಿಮ್ಮದೇ ಕಾಯಿಲೆಗೆ ಮಾತ್ರ, ಅದನ್ನು ನೆಚ್ಚಿಕೊಳ್ಳಬೇಡಿ.

ಡಿಸ್ಚಾರ್ಜ್ ದಿನವನ್ನೂ ರಜೆಯಲ್ಲೇ ಹಿಡಿಯಿರಿ. ಬೆಳಿಗ್ಗೆ ಹೋಗಬಹುದು ಅಂತಾರೆ. ಇನ್ಶೂರೆನ್ಸ್‌ನವರ ಒಪ್ಪಿಗೆ, ಫಾರ್ಮಸಿ ಲೆಕ್ಕ, ಉಳಿದ ಔಷಧಿ ವಾಪಸ್, ಫೈನಲ್ ಬಿಲ್ ಎಲ್ಲ ಮುಗಿದು ನಾವು ಆಟೋ ಹತ್ತಿದಾಗ ಕತ್ತಲಾಗಿತ್ತು. ಮಧ್ಯಾಹ್ನದ ಶಿಫ್ಟಿಗೆ ಬರ್ತೀನಿ ಅಂತ ಮಾತ್ರ ಹೇಳಿಬಿಡಬೇಡಿ.