‘ಒಂದು ತಿಂಗಳು’ ಅಂದರೆ 30 ದಿನ ಅಲ್ಲ: ಸಿವಿಲ್ ಜಡ್ಜ್ ಪರೀಕ್ಷೆಗೆ ಓದುವ ಬಗೆ

ಪ್ರಶ್ನೆ: ಸರ್, ನಾನು ತಾಲ್ಲೂಕು ಕೋರ್ಟಿನಲ್ಲಿ ನಾಲ್ಕು ವರ್ಷದಿಂದ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಸಿವಿಲ್ ಜಡ್ಜ್ ಪರೀಕ್ಷೆಗೆ ಬೆಳಗ್ಗೆ ಬೇರ್ ಆಕ್ಟ್, ರಾತ್ರಿ ತೀರ್ಪುಗಳು, ಭಾನುವಾರ ಉತ್ತರ ಬರೆಯುವುದು ಅಂತ ಇಟ್ಟುಕೊಂಡಿದ್ದೇನೆ. ಸುಮಾರು 200 ತೀರ್ಪಿನ ನೋಟ್ಸ್ ಇದೆ. ಆದರೂ ಕಳೆದ ಸಲ ಮೇನ್ಸ್‌ನಲ್ಲಿ ಟೈಮ್ ಸಾಲದೆ ಎರಡು ಪ್ರಶ್ನೆ ಬಿಟ್ಟೆ. ಬರೆದದ್ದಕ್ಕೂ ಅಂಕ ಬರಲಿಲ್ಲ. ಯಾವುದಕ್ಕೆ ಎಷ್ಟು ಸಮಯ ಕೊಡಬೇಕು?
— ಒಬ್ಬ ವಕೀಲೆ, ತುಮಕೂರು ಜಿಲ್ಲೆ

ಉತ್ತರ: ಬೆಳಗ್ಗೆ ಒಂದು, ರಾತ್ರಿ ಒಂದು, ಭಾನುವಾರ ಇನ್ನೊಂದು ಅಂತ ಹಂಚಿಕೊಂಡಿದ್ದೀರಲ್ಲ, ಎಡವಟ್ಟು ಆಗಿರುವುದು ಅಲ್ಲೇ. ಮೂರನ್ನೂ ಮೂರು ವಿಷಯಗಳ ಹಾಗೆ ಓದುತ್ತಿದ್ದೀರಿ. ಒಂದು ಕಲಂ ಹಿಡಿಯಿರಿ. ಅದರ ತೀರ್ಪನ್ನು ಅದಕ್ಕೇ ಕಟ್ಟಿ. ಅದೇ ಸಂಜೆ ಗಡಿಯಾರ ಮುಂದಿಟ್ಟುಕೊಂಡು ಅದರ ಮೇಲೊಂದು ಸಮಸ್ಯೆ ಬಿಡಿಸಿ. ಎರಡು ಗಂಟೆಯಲ್ಲಿ ಮುಗಿಯುತ್ತದೆ.

ನೀವು ದಿನಾ ಕೋರ್ಟಿನಲ್ಲಿ ನೋಡುವ ಚೆಕ್ ಬೌನ್ಸ್ ಕೇಸನ್ನೇ ತೆಗೆದುಕೊಳ್ಳೋಣ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ ಕಲಂ 138 ಗೊತ್ತಿಲ್ಲದ ವಕೀಲರಿಲ್ಲ. ಗೊತ್ತಿದೆ ಅನ್ನುವ ಧೈರ್ಯದಿಂದಲೇ ಜಾಸ್ತಿ ಜನ ಇದರಲ್ಲಿ ಅಂಕ ಕಳೆದುಕೊಳ್ಳುತ್ತಾರೆ.

ಸಮಸ್ಯೆ ಹೀಗಿರಲಿ. ಆರೋಪಿ ತನ್ನಿಂದ 5 ಲಕ್ಷ ಕೈಸಾಲ ಪಡೆದು ಚೆಕ್ ಕೊಟ್ಟ ಅನ್ನುತ್ತಾನೆ ದೂರುದಾರ. ಚೆಕ್ ಹಣವಿಲ್ಲದೆ ವಾಪಸಾಗಿದೆ. ಬ್ಯಾಂಕಿನ ಮೆಮೊ ದೂರುದಾರನ ಕೈಗೆ ಬಂದದ್ದು 2025ರ ಜುಲೈ 2ಕ್ಕೆ. ನೋಟಿಸು ಕಳಿಸಿದ್ದು ಜುಲೈ 30ಕ್ಕೆ, ಆರೋಪಿಗೆ ಮುಟ್ಟಿದ್ದು ಆಗಸ್ಟ್ 2ಕ್ಕೆ. ‘ಚೀಟಿ ವ್ಯವಹಾರಕ್ಕೆ ಭದ್ರತೆಯಾಗಿ ಸಹಿ ಮಾಡಿದ ಖಾಲಿ ಚೆಕ್ ಕೊಟ್ಟಿದ್ದೆ, ಸಾಲ ಪಡೆದಿಲ್ಲ, ಅಷ್ಟು ಹಣ ನಿಮ್ಮಲ್ಲಿ ಇರಲೂ ಇಲ್ಲ’ ಎಂದು ಆರೋಪಿ ಉತ್ತರ ಕೊಟ್ಟಿದ್ದಾನೆ. ದೂರು ದಾಖಲಾದದ್ದು ಸೆಪ್ಟೆಂಬರ್ 18ಕ್ಕೆ. ಪಾಟೀ ಸವಾಲಿನಲ್ಲಿ ದೂರುದಾರ ತನ್ನ ತಿಂಗಳ ಸಂಪಾದನೆ 15,000 ಎಂದು ಒಪ್ಪುತ್ತಾನೆ. ಹಣ ಎಲ್ಲಿಂದ ಬಂತು, ಯಾವತ್ತು ಕೊಟ್ಟ ಅನ್ನುವುದಕ್ಕೆ ಕಾಗದವೂ ಇಲ್ಲ, ಸರಿಯಾದ ಉತ್ತರವೂ ಇಲ್ಲ. ಆರೋಪಿ ಸಾಕ್ಷಿ ಕಟ್ಟೆ ಹತ್ತಲೇ ಇಲ್ಲ. ತೀರ್ಮಾನಿಸಿ. 10 ಅಂಕ.

ಮೊದಲು ಬೇರ್ ಆಕ್ಟ್. ಓದಿ ಮುಚ್ಚಿಟ್ಟು, ಕಲಂ 138ರ ಪರಂತುಕವನ್ನು ನೆನಪಿನಿಂದ ಬರೆಯಿರಿ. ನೋಟಿಸಿಗೆ 30 ದಿನ, ಹಣ ಕಟ್ಟಲು 15 ದಿನ ಅಂತ ಎಲ್ಲರೂ ಬರೆಯುತ್ತಾರೆ. ದೂರು ಕೊಡುವ ಅವಧಿ ಕಲಂ 142ರಲ್ಲಿದೆ. ಅದನ್ನೂ ‘30 ದಿನ’ ಅಂತಲೇ ಬರೆದುಬಿಡುವವರು ಬಹಳ. ಕಾಯಿದೆಯಲ್ಲಿರುವುದು ‘ಒಂದು ತಿಂಗಳು’.

ಈಗ ಎಣಿಸಿ. ಮೆಮೊ ಬಂದ ಜುಲೈ 2 ಬಿಟ್ಟರೆ 30ನೇ ದಿನ ಆಗಸ್ಟ್ 1. ಜುಲೈ 30ರ ನೋಟಿಸು ಅವಧಿಯೊಳಗಿದೆ. ಆಗಸ್ಟ್ 2 ಬಿಟ್ಟು 15 ದಿನ ಎಣಿಸಿದರೆ 17ಕ್ಕೆ ಮುಗಿಯುತ್ತದೆ. ಹಾಗಾಗಿ ದೂರಿಗೆ ಕಾರಣ ಹುಟ್ಟುವುದು ಆಗಸ್ಟ್ 18ಕ್ಕೆ. ಆ ದಿನವನ್ನೂ ಬಿಟ್ಟು 30 ದಿನ ಎಣಿಸಿದವರಿಗೆ ಸೆಪ್ಟೆಂಬರ್ 17 ಸಿಗುತ್ತದೆ. ಅವರು ‘ಒಂದು ದಿನ ತಡ, ದೂರು ನಿಲ್ಲುವುದಿಲ್ಲ’ ಎಂದು ಬರೆದು ಮುಗಿಸುತ್ತಾರೆ. ತಿಂಗಳು ಎಣಿಸಿದವರಿಗೆ ಸೆಪ್ಟೆಂಬರ್ 18 ಸಿಗುತ್ತದೆ, ದೂರು ಸರಿಯಾಗಿದೆ. ಕಾರಣ ಹುಟ್ಟಿದ ದಿನವನ್ನು ಬಿಟ್ಟು ಎಣಿಸಬೇಕು ಎಂದು ಸಾಕೇತ್ ಇಂಡಿಯಾ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2013ರಲ್ಲಿ ಈಕಾನ್ ಆಂಟ್ರಿ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು ಅದನ್ನೇ ಎತ್ತಿ ಹಿಡಿದರು. ನಾನಿಲ್ಲಿ ತಾರೀಕುಗಳನ್ನು ಬೇಕಂತಲೇ ಹೀಗೆ ಇಟ್ಟೆ. ಪ್ರಶ್ನೆಪತ್ರಿಕೆ ತೆಗೆಯುವವರೂ ಸುಮ್ನೆ ತಾರೀಕು ಕೊಡುವುದಿಲ್ಲ.

ಇನ್ನು ತೀರ್ಪು. ಈ ಸಮಸ್ಯೆಯ ಜೀವ ಇರುವುದು ಕಲಂ 139ರ ಪ್ರಿಸಂಪ್ಷನ್‌ನಲ್ಲಿ. ಬೇರೆ ರೀತಿ ರುಜುವಾತಾಗುವ ತನಕ, ಚೆಕ್ ಬಂದದ್ದು ಸಾಲ ಅಥವಾ ಹೊಣೆ ತೀರಿಸಲು ಅಂತಲೇ ಕೋರ್ಟು ಭಾವಿಸಬೇಕು. ಈ ಭಾವನೆ ‘ಕಾನೂನುಬದ್ಧವಾಗಿ ವಸೂಲಾಗುವ ಸಾಲ ಇತ್ತು’ ಅನ್ನುವಷ್ಟು ದೂರ ಹೋಗುತ್ತದೆಯೇ? ಹೋಗುವುದಿಲ್ಲ ಎಂದು 2008ರಲ್ಲಿ ಕೃಷ್ಣ ಜನಾರ್ದನ ಭಟ್ ಪ್ರಕರಣ ಹೇಳಿತು. ಹೋಗುತ್ತದೆ ಎಂದು 2010ರಲ್ಲಿ ರಂಗಪ್ಪ ಪ್ರಕರಣದ ಮೂವರ ಪೀಠ ಅದನ್ನು ತಿದ್ದಿತು. ಆದರೆ ಅದೇ ರಂಗಪ್ಪ ತೀರ್ಪು ಆರೋಪಿಗೂ ಒಂದು ದಾರಿ ಕೊಟ್ಟಿದೆ. ಆತ ಸಂಶಯಾತೀತವಾಗಿ ಏನನ್ನೂ ಸಾಬೀತು ಮಾಡಬೇಕಿಲ್ಲ. ತನ್ನ ಮಾತು ನಂಬುವ ಹಾಗಿದೆ ಅಂತ ತೋರಿಸಿದರೆ ಸಾಕು, ಅದನ್ನು ದೂರುದಾರನ ಸಾಕ್ಷ್ಯದಿಂದಲೇ ತೋರಿಸಬಹುದು. 2019ರ ಬಸಲಿಂಗಪ್ಪ ವಿರುದ್ಧ ಮುದಿಬಸಪ್ಪ ಪ್ರಕರಣದಲ್ಲಿ ಆಗಿದ್ದು ಇದೇ. ಸಾಲ ಕೊಡುವ ಶಕ್ತಿ ನಿನಗಿತ್ತೇ ಎಂಬ ಪ್ರಶ್ನೆಗೆ ದೂರುದಾರನಿಂದ ಸಮಾಧಾನ ಬರಲಿಲ್ಲ. ಆರೋಪಿ ಬಿಡುಗಡೆಯಾದ.

ಇವು ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣಗಳು. ಇವನ್ನು ಮೂಲದಲ್ಲಿ ಓದಿ. ಉಳಿದವಕ್ಕೆ ನಾಲ್ಕು ಸಾಲಿನ ನೋಟ್ಸ್ ಸಾಕು: ಪ್ರಶ್ನೆ ಏನಿತ್ತು, ಕೋರ್ಟು ಏನಂದಿತು, ಕಲಂನ ಯಾವ ಪದದ ಮೇಲೆ ಅಂದಿತು, ಆಮೇಲೆ ಅದಕ್ಕೆ ಏನಾಯಿತು. ನಾಲ್ಕನೇ ಸಾಲು ನಿಮ್ಮ 200 ನೋಟ್ಸ್‌ನಲ್ಲಿ ಎಷ್ಟಕ್ಕೆ ಇದೆ, ನೋಡಿ. ಚೆಕ್ ಕೇಸನ್ನು ಯಾವ ಊರಿನಲ್ಲಿ ಹಾಕಬೇಕು ಎಂದು 2014ರಲ್ಲಿ ದಶರಥ ರೂಪಸಿಂಗ್ ರಾಠೋಡ್ ಪ್ರಕರಣ ಹೇಳಿತ್ತು. ಚೆಕ್ ಬರೆದವನ ಬ್ಯಾಂಕ್ ಇರುವ ಕಡೆ ಹಾಕಬೇಕು ಅನ್ನುವುದು ಅದರ ಸಾರ. ಮರುವರ್ಷವೇ ಸಂಸತ್ತು ಕಲಂ 142ಕ್ಕೆ ಉಪಕಲಂ 2 ಸೇರಿಸಿತು. ಈಗ ಚೆಕ್ಕನ್ನು ಖಾತೆಗೆ ಹಾಕಿದ್ದರೆ ದೂರುದಾರನ ಖಾತೆ ಇರುವ ಶಾಖೆಯ ಊರಿನಲ್ಲೇ ಕೇಸು ನಡೆಯುತ್ತದೆ. ಬೇರ್ ಆಕ್ಟ್ ಬಿಟ್ಟು ನೋಟ್ಸ್ ಮಾತ್ರ ಓದಿದವರು ಇಂದಿಗೂ ರಾಠೋಡ್ ತೀರ್ಪನ್ನು ಬರೆದು ಸೊನ್ನೆ ತೆಗೆದುಕೊಳ್ಳುತ್ತಾರೆ.

ಈಗ ಬರೆಯುವುದು. ಕಾನೂನು ಪತ್ರಿಕೆಗೆ 100 ಅಂಕ, 3 ಗಂಟೆ. ಅಂದರೆ 10 ಅಂಕಕ್ಕೆ 18 ನಿಮಿಷ. ಮೊದಲ 4 ನಿಮಿಷ ಪೆನ್ಸಿಲ್ ಮಾತ್ರ ಹಿಡಿಯಿರಿ, ತಾರೀಕುಗಳನ್ನು ಒಂದು ಗೆರೆಯ ಮೇಲೆ ಗುರುತು ಹಾಕಿಕೊಳ್ಳಿ. ಆಮೇಲೆ 12 ನಿಮಿಷ ಬರೆಯಿರಿ. ಉಳಿದ ಎರಡು ನಿಮಿಷ ಕಲಂ ಸಂಖ್ಯೆ, ತಾರೀಕು ಸರಿ ನೋಡಲು.

12 ನಿಮಿಷದಲ್ಲಿ ಒಂದೂವರೆ ಪುಟಕ್ಕಿಂತ ಜಾಸ್ತಿ ಆಗುವುದಿಲ್ಲ. ಹಾಗಾಗಿ ಚೆಕ್ ಅಂದರೇನು, ಈ ಅಧ್ಯಾಯ ಯಾವಾಗ ಸೇರಿತು ಅಂತೆಲ್ಲ ಶುರು ಮಾಡಬೇಡಿ. ಮೊದಲ ವಾಕ್ಯದಲ್ಲೇ ವಿಷಯಕ್ಕೆ ಬನ್ನಿ: ‘ದೂರು ಅವಧಿಯೊಳಗಿದೆ, ಆದರೆ ಆರೋಪಿ ಕಲಂ 139ರ ಭಾವನೆಯನ್ನು ಅಲುಗಾಡಿಸಿದ್ದಾನೆ.’ ಮುಂದೆ ಐದಾರು ಸಾಲಿನಲ್ಲಿ ತಾರೀಕಿನ ಲೆಕ್ಕ. ಆಮೇಲೆ ಪ್ರಿಸಂಪ್ಷನ್. ಖಾಲಿ ಚೆಕ್‌ಗೆ ಸಹಿ ಹಾಕಿದ್ದೆ ಅಂದಮಾತ್ರಕ್ಕೆ ಆರೋಪಿ ಪಾರಾಗುವುದಿಲ್ಲ ಎಂದು 2019ರ ಬೀರ್ ಸಿಂಗ್ ಪ್ರಕರಣ ಹೇಳಿದೆ. ಅದನ್ನು ಒಪ್ಪಿಕೊಂಡೇ ಮುಂದೆ ಹೋಗಿ. ಇಲ್ಲಿ ಆರೋಪಿಯ ಕೈಯಲ್ಲಿ ಅದಕ್ಕಿಂತ ಹೆಚ್ಚು ಇದೆ. ಹಣದ ಶಕ್ತಿಯ ಪ್ರಶ್ನೆಯನ್ನು ಉತ್ತರದ ನೋಟಿಸಿನಲ್ಲೇ ಎತ್ತಿದ್ದಾನೆ. ತಿಂಗಳಿಗೆ 15,000 ಸಂಪಾದನೆ ಅಂತ ದೂರುದಾರನೇ ಒಪ್ಪಿದ್ದಾನೆ. ಹೊರೆ ಮತ್ತೆ ದೂರುದಾರನ ಹೆಗಲಿಗೆ ಬಂತು, ಆತ ಅದನ್ನು ಹೊರಲಿಲ್ಲ. ಆರೋಪಿ ಕಟ್ಟೆ ಹತ್ತದಿರುವುದರಿಂದ ಇದು ಬದಲಾಗುವುದಿಲ್ಲ. ಬಿಡುಗಡೆ.

ಬರೆದಾದ ಮೇಲೆ ಒಂದು ಪರೀಕ್ಷೆ ಮಾಡಿ. ಪ್ರಶ್ನೆಯಲ್ಲಿದ್ದ ಸಂಗತಿಗಳು (ಜುಲೈ 30, 15,000, ಚೀಟಿ) ನಿಮ್ಮ ಉತ್ತರದಲ್ಲಿ ಬಂದ ಕಡೆಯೆಲ್ಲ ಕೆಂಪು ಗೆರೆ ಎಳೆಯಿರಿ. ಮೊದಲ ಅರ್ಧ ಪುಟದಲ್ಲಿ ಗೆರೆಯೇ ಬೀಳದಿದ್ದರೆ, ಬರೆದದ್ದಕ್ಕೂ ಅಂಕ ಯಾಕೆ ಬರಲಿಲ್ಲ ಅಂತ ಗೊತ್ತಾಗುತ್ತದೆ. ಅಭ್ಯಾಸಕ್ಕೆ ಬರೆದು ನನಗೆ ತೋರಿಸುವ ಹುಡುಗರ ಹಾಳೆಗಳಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ಸಮಯ ಸೋರಿ ಹೋಗುವುದೂ ಈ ಅರ್ಧ ಪುಟದಲ್ಲೇ.

ಇದೇ ಸಮಸ್ಯೆಯನ್ನು ಇನ್ನೊಂದು ವಾರ ಮೂರನೇ ಕಾನೂನು ಪತ್ರಿಕೆಗಾಗಿ ಪೂರ್ತಿ ತೀರ್ಪಾಗಿ ಬರೆಯಿರಿ. ಅಲ್ಲಿ ಒಂದು ಹಳೇ ತಪ್ಪು ಕಾದಿರುತ್ತದೆ. ಚೆಕ್ ಕೇಸು ಸಮನ್ಸ್ ಕೇಸಿನ ರೀತಿ ನಡೆಯುವಂಥದ್ದು, ‘ಚಾರ್ಜ್ ಫ್ರೇಮ್ ಮಾಡಲಾಯಿತು’ ಅಂತ ಬರೆಯುವ ಹಾಗಿಲ್ಲ. ಆರೋಪದ ಸಾರಾಂಶ ತಿಳಿಸಿ ಆರೋಪಿಯ ಉತ್ತರ ದಾಖಲಿಸಲಾಯಿತು ಅನ್ನಬೇಕು. ಅದು ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 251 ಆಗಿತ್ತು, ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 274. 2024ರ ಜುಲೈ 1ರಿಂದ ಹೊಸ ಸಂಖ್ಯೆಗಳು ಜಾರಿಯಲ್ಲಿವೆ, ತೀರ್ಪುಗಳಲ್ಲಿ ಸಿಗುವುದು ಬಹುಪಾಲು ಹಳೆಯವು. ಹೊಸ ಪುಸ್ತಕವನ್ನೇ ಓದಿ, ಹಳೇ ಸಂಖ್ಯೆಯನ್ನು ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿಟ್ಟುಕೊಳ್ಳಿ.

ಸಮಯದ ಲೆಕ್ಕ ಕೇಳಿದಿರಿ. ಸಂಜೆ 40 ನಿಮಿಷ ಕಲಂ, 40 ನಿಮಿಷ ತೀರ್ಪು, 18 ನಿಮಿಷ ಬರವಣಿಗೆ, ಉಳಿದದ್ದು ಕೆಂಪು ಗೆರೆಗೆ. ಭಾನುವಾರ ಪೂರ್ತಿ ಪತ್ರಿಕೆ. ಪ್ರತಿ ಉತ್ತರದ ಪಕ್ಕ ಶುರು ಮಾಡಿದ ಗಂಟೆ ಬರೆಯಿರಿ. 18 ನಿಮಿಷ ಆಯಿತೋ, ವಾಕ್ಯ ಅರ್ಧಕ್ಕೆ ನಿಂತಿದ್ದರೂ ಜಾಗ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಿ. ನೀವು ಬಿಟ್ಟ ಎರಡು ಪ್ರಶ್ನೆಗಳನ್ನು ತಿಂದದ್ದು ಮೊದಲೆರಡು ಉತ್ತರಗಳೇ ಇರಬೇಕು, ಅಲ್ವಾ?

ನಾಳೆ ಸಂಜೆಗೆ ಸ್ಪೆಸಿಫಿಕ್ ರಿಲೀಫ್ ಕಾಯಿದೆಯ 16(ಸಿ) ತೆಗೆದುಕೊಳ್ಳಿ. ಕ್ರಯದ ಕರಾರು ಜಾರಿ ಮಾಡಿಸಿಕೊಡಿ ಎಂದು ಬಂದವನು, ತಾನು ತನ್ನ ಪಾಲಿನ ಕರಾರು ನಡೆಸಲು ಸಿದ್ಧನಿದ್ದೆ ಎಂದು ದಾವೆಯಲ್ಲಿ ಹೇಳಬೇಕು, ರುಜುವಾತೂ ಮಾಡಬೇಕು ಎಂದು ಮೊದಲು ಅಲ್ಲಿತ್ತು. 2018ರ ತಿದ್ದುಪಡಿಯಲ್ಲಿ ‘ಹೇಳಬೇಕು’ ಅನ್ನುವ ಪದ ಹೋಗಿದೆ, ‘ರುಜುವಾತು’ ಉಳಿದಿದೆ. ನಿಮ್ಮ ಬೇರ್ ಆಕ್ಟ್‌ನಲ್ಲಿ ಎರಡೂ ಇನ್ನೂ ಇದ್ದರೆ ಮೊದಲು ಆ ಪುಸ್ತಕ ಬದಲಾಯಿಸಿ.