ಒಂದೇ ಬಿಲ್‌ಗೆ ಎರಡು ಸಲ ದುಡ್ಡು: ಪ್ರಯಾಣದ ಕ್ಲೇಮ್‌ಗಳಲ್ಲಿ ಹಿಡಿಯುವುದು ಹೇಗೆ

ಪ್ರಶ್ನೆ: ತಿಂಗಳಿಗೆ ನೂರಾರು ಪ್ರಯಾಣದ ಬಿಲ್ ಬರ್ತವೆ, ಎಲ್ಲಾ ಒಂದೊಂದಾಗಿ ನೋಡೋಕಾಗಲ್ಲ. ಒಂದೇ ಬಿಲ್‌ಗೆ ಎರಡು ಸಲ ದುಡ್ಡು ಹೋಗಿದ್ಯಾ ಅಂತ ಎಕ್ಸೆಲ್‌ನಲ್ಲೇ ಹಿಡಿಯೋದು ಹೇಗೆ? ಕಿಲೋಮೀಟರ್ ಜಾಸ್ತಿ ಬರೆದಿದ್ರೆ?

ಒಬ್ಬೊಬ್ಬರ ಫೈಲ್ ತೆಗೆದು ನೋಡಿದರೆ ಇದು ಸಿಗುವುದು ಅಪರೂಪ. ಎರಡನೇ ಸಲ ಬಿಲ್ ಬರುವುದು ಸಾಮಾನ್ಯವಾಗಿ ಬೇರೆಯವರ ಹೆಸರಲ್ಲಿ, ಇಲ್ಲವೇ ಎರಡು ಮೂರು ತಿಂಗಳು ಬಿಟ್ಟು. ಹಾಗಾಗಿ ನಾನು 12 ತಿಂಗಳ ಎಲ್ಲರ ಕ್ಲೇಮ್‌ಗಳನ್ನೂ ಒಂದೇ ಶೀಟಿಗೆ ತಂದು, ಕಂಪನಿ ಕಾರ್ಡ್‌ನಿಂದ ಹೋದದ್ದನ್ನೂ ಟ್ರಾವೆಲ್ ಏಜೆಂಟರಿಗೆ ನೇರವಾಗಿ ಕಟ್ಟಿದ್ದನ್ನೂ ಕೆಳಗೆ ಸೇರಿಸುತ್ತೇನೆ.

ಬಿಲ್ ನಂಬರನ್ನೇ ನಂಬಬೇಡಿ. ಒಬ್ಬರು INV/0412 ಎಂದು ತುಂಬಿಸಿದ್ದನ್ನು ಇನ್ನೊಬ್ಬರು INV-412 ಎಂದು ತುಂಬಿಸಿರುತ್ತಾರೆ. ಹೋಟೆಲಿನ ಜಿಎಸ್‌ಟಿ ನಂಬರ್ (B), ಬಿಲ್ ದಿನಾಂಕ (C), ಮೊತ್ತ (D) ಮೂರನ್ನೂ ಒಟ್ಟಿಗೆ ಹೋಲಿಸಿ. ಪೈಸೆ ಸರಿಹೊಂದಿಸಿದ್ದಕ್ಕೆ ಒಂದು ರೂಪಾಯಿ ಆಚೀಚೆ ಬಿಡಿ:

```
=COUNTIFS(B:B,B2,C:C,C2,D:D,">="&D2-1,D:D,"<="&D2+1)
```

2 ಅಥವಾ ಹೆಚ್ಚು ಬಂದ ಸಾಲುಗಳ ಬಿಲ್ ತೆಗೆಯಿರಿ. ಜಿಎಸ್‌ಟಿ ನಂಬರ್ ಖಾಲಿ ಇದ್ದ ಸಾಲಿಗೆ 0 ಬರುತ್ತದೆ. ಅದು ಸರಿಯಿದೆ ಎಂದಲ್ಲ, ತಪಾಸಣೆಯೇ ಆಗಿಲ್ಲ ಎಂದರ್ಥ. ಅವನ್ನು ಬೇರೆಯಾಗಿ ನೋಡಿ. ದಿನಾಂಕ ಕೆಲವೆಡೆ 05.03.2025 ಎಂದು ಪಠ್ಯವಾಗಿ ಕೂತಿದ್ದರೂ ಜೋಡಿ ತಪ್ಪುತ್ತದೆ. `=ISNUMBER(C2)` ಹಾಕಿ FALSE ಬಂದವನ್ನು ಮೊದಲೇ ಸರಿಮಾಡಿ.

ಒಂದು ಉದಾಹರಣೆ. ಇಬ್ಬರು ಹುಬ್ಬಳ್ಳಿಗೆ ಹೋಗಿ ಒಂದೇ ರೂಮಿನಲ್ಲಿ ಉಳಿದರು, ಬಿಲ್ 4,200 ರೂಪಾಯಿ. ಒಬ್ಬರು ಮೂಲ ಪ್ರತಿ, ಇನ್ನೊಬ್ಬರು ಮೊಬೈಲಿನಲ್ಲಿ ತೆಗೆದ ಫೋಟೊ ಹಾಕಿ ಪೂರ್ತಿ ಮೊತ್ತ ಕೇಳಿದರು. ಸೂತ್ರ ಇಬ್ಬರಿಗೂ 2 ತೋರಿಸುತ್ತದೆ. ಆದರೆ ಒಂದೇ ದರದ ಎರಡು ರೂಮು ಹಿಡಿದಿದ್ದರೂ 2 ಎಂದೇ ಬರುತ್ತದೆ. ಆದ್ದರಿಂದ ರೂಮ್ ನಂಬರ್, ಬಿಲ್ ನಂಬರ್ ನೋಡುವ ಮುಂಚೆ ಯಾರಿಗೂ ಮೇಲ್ ಕಳಿಸಬೇಡಿ. ಇನ್ನು ಎರಡನೆಯವರು ಊಟದ ಬಿಲ್ ಕೂಡಿಸಿ 4,950 ಎಂದು ಹಾಕಿದ್ದರೆ ಸೂತ್ರಕ್ಕೆ ಸಿಗುವುದೇ ಇಲ್ಲ. ಅದಕ್ಕೆ ಮೊತ್ತ ಬಿಟ್ಟು, ಹೋಟೆಲ್ ಮತ್ತು ತಂಗಿದ ರಾತ್ರಿಯ ಪ್ರಕಾರ ಇನ್ನೊಮ್ಮೆ ಜೋಡಿಸಿ ಕಣ್ಣಾಡಿಸಬೇಕು.

ಕಿಲೋಮೀಟರಿಗೆ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್‌ನಷ್ಟು ಒಳ್ಳೆಯ ಸಾಕ್ಷಿ ಇಲ್ಲ. ಬೆಂಗಳೂರು–ಹುಬ್ಬಳ್ಳಿ ಒಂದು ಕಡೆಗೆ ಸುಮಾರು 410 ಕಿ.ಮೀ., ಹೋಗಿಬರಲು 820. ಊರೊಳಗಿನ ಓಡಾಟಕ್ಕೆ 60 ಸೇರಿಸಿದರೂ 880, ಕ್ಲೇಮಿನಲ್ಲಿ 1,050 ಎಂದು ಬರೆದಿದ್ದರೆ ಲೆಕ್ಕ ಕೂಡುವುದಿಲ್ಲ. ವಾಹನದ ನಂಬರ್ ಇರುವ ಸ್ಟೇಟ್‌ಮೆಂಟನ್ನೇ ಕೇಳಿ. ಟೋಲ್ ಹೆಸರು, ಸಮಯ ಎರಡೂ ಅದರಲ್ಲಿರುತ್ತವೆ. ಆ ದಿನ ಹೆದ್ದಾರಿಯ ಒಂದು ಟೋಲೂ ಇಲ್ಲದಿದ್ದರೆ, ಬಸ್ಸಿನಲ್ಲಿ ಹೋಗಿ ಕಾರಿನ ದರ ಬರೆದಿರುವ ಸಾಧ್ಯತೆಯೇ ಹೆಚ್ಚು.

ಯುಪಿಐ ಸ್ಕ್ರೀನ್‌ಶಾಟ್ ಬಿಲ್ ಅಲ್ಲ. ದುಡ್ಡು ಹೋಯಿತು ಎನ್ನುತ್ತದೆ, ಯಾತಕ್ಕೆ ಎನ್ನುವುದಿಲ್ಲ. ವಿಮಾನಕ್ಕೆ ಟಿಕೆಟ್ ಜೊತೆ ಬೋರ್ಡಿಂಗ್ ಪಾಸೂ ಬೇಕು, ಏಕೆಂದರೆ ಕ್ಲೇಮ್ ಹಾಕಿದ ಮೇಲೆ ಟಿಕೆಟ್ ರದ್ದು ಮಾಡಿ ರೀಫಂಡ್ ಪಡೆದಿರಬಹುದು. ಕೈಬರಹದ ಬಿಲ್‌ಗಳನ್ನು ಅಂಗಡಿವಾರು ಜೋಡಿಸಿ: ಮಾರ್ಚ್ 3, 11, 24ರ ಬಿಲ್‌ಗಳಿಗೆ 341, 342, 343 ಎಂದಿದ್ದರೆ ಆ ಅಂಗಡಿಗೆ ಮೂರು ವಾರ ಬೇರೆ ಗಿರಾಕಿಯೇ ಬರಲಿಲ್ಲವೇ ಎಂದು ಕೇಳಬೇಕಾಗುತ್ತದೆ. ಅಂಗಡಿಗೆ ಫೋನ್ ಮಾಡುವಾಗ ಬಿಲ್ ಮೇಲಿನ ನಂಬರಿಗೆ ಮಾಡಬೇಡಿ, ಬೇರೆ ಕಡೆಯಿಂದ ನಂಬರ್ ಹುಡುಕಿ.