ಡೆಬಿಟ್ ನೋಟು ಯಾರ ಹೆಸರಿಗೆ?

ಪ್ರಶ್ನೆ: ಸಂಪಾದಕರೇ, ಪೀಣ್ಯದಲ್ಲಿ ನಮ್ಮದು 90 ಜನರ ಮಷಿನಿಂಗ್ ಕಾರ್ಖಾನೆ. ಎಂಟು ತಿಂಗಳ ಹಿಂದೆ ಬೆಳಗಾವಿಯ ಒಂದು ಫೌಂಡ್ರಿಯನ್ನು ಜಾಗ, ಕುಲುಮೆ, 46 ಜನರ ಸಮೇತ ಕೊಂಡೆವು. ಹಳೆಯ ಮಾಲಕರು ಇನ್ನು ನಾಲ್ಕು ತಿಂಗಳು ನಮ್ಮ ಜೊತೆ ಇರುತ್ತಾರೆ. ನಮ್ಮ ಪದ್ಧತಿಗಳನ್ನೇ ಅಲ್ಲಿಗೂ ತಂದೆವು. ಪೆಟ್ಟಿಗೆಯಲ್ಲಿ ಮರಳು ಬಡಿದು ಅಚ್ಚು ಕಟ್ಟುವ ಮೋಲ್ಡರ್‌ಗಳಿಗೆ ಪೆಟ್ಟಿಗೆ ಲೆಕ್ಕದ ಕೂಲಿ ನಿಲ್ಲಿಸಿ, ಸರಾಸರಿಗಿಂತ 10% ಜಾಸ್ತಿ ತಿಂಗಳ ಸಂಬಳ ಮಾಡಿದೆವು. ಕುಲುಮೆಗೆ ಏನೇ ಸೇರಿಸಬೇಕಿದ್ದರೂ ಇಲ್ಲಿನ ಕ್ವಾಲಿಟಿ ಮ್ಯಾನೇಜರ್ ಮೇಲ್‌ನಲ್ಲಿ ಒಪ್ಪಿಗೆ ಕೊಡಬೇಕು ಅಂದೆವು. ಈಗ ಇಬ್ಬರು ಒಳ್ಳೆಯ ಮೋಲ್ಡರ್‌ಗಳು ಉದ್ಯಮಬಾಗದ ಇನ್ನೊಂದು ಫೌಂಡ್ರಿಗೆ ಹೋಗಿದ್ದಾರೆ. 18 ವರ್ಷದಿಂದ ಕುಲುಮೆ ನೋಡಿಕೊಳ್ಳುತ್ತಿರುವ ಮೆಲ್ಟರ್ ದೀಪಾವಳಿ ಆದಮೇಲೆ ಬಿಡುತ್ತೇನೆ ಅಂದಿದ್ದಾರೆ. ರಿಜೆಕ್ಷನ್ ಕೂಡ ಜಾಸ್ತಿಯಾಗಿದೆ. ಮೂರು ವರ್ಷದ ಬಾಂಡ್ ಬರೆಸಿಕೊಳ್ಳೋಣ ಅಂತಾರೆ ನಮ್ಮ ಪಾಲುದಾರರು. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ಒಂದು ಲೆಕ್ಕ ಹಾಕೋಣ. ದರ ನೀವು ಬರೆದಿಲ್ಲ, ಹಾಗಾಗಿ ಒಂದನ್ನು ಊಹಿಸಿಕೊಳ್ಳುತ್ತೇನೆ. ಪೆಟ್ಟಿಗೆಗೆ 14 ರೂಪಾಯಿ, ತಿಂಗಳಿಗೆ 26 ದಿನ. ಸರಾಸರಿ ಮೋಲ್ಡರ್ ದಿನಕ್ಕೆ 65 ಪೆಟ್ಟಿಗೆ ಹಾಕುತ್ತಾನೆ ಅಂದರೆ ತಿಂಗಳಿಗೆ 23,660 ರೂಪಾಯಿ. ಅದರ ಮೇಲೆ 10% ಸೇರಿಸಿದರೆ 26,026. ಕಾಗದದ ಮೇಲೆ ಎಲ್ಲರಿಗೂ ಲಾಭ. ಆದರೆ ನಿಮ್ಮ ಕೈಚಳಕದ ಮೋಲ್ಡರ್ ದಿನಕ್ಕೆ 85 ಪೆಟ್ಟಿಗೆ ಹಾಕುತ್ತಿದ್ದ ಅಂತಿಟ್ಟುಕೊಳ್ಳಿ. ಅವನು ಮನೆಗೆ ಒಯ್ಯುತ್ತಿದ್ದದ್ದು 30,940. ನೀವು ಅವನಿಗೆ ತಿಂಗಳಿಗೆ 4,900 ರೂಪಾಯಿ ಕಡಿಮೆ ಮಾಡಿದ್ದೀರಿ, ಅದನ್ನು ಸಂಬಳ ಏರಿಕೆ ಅಂತ ಕರೆದಿದ್ದೀರಿ. 50 ಪೆಟ್ಟಿಗೆ ಹಾಕುವವನಿಗೆ ಮಾತ್ರ ಕೂತಲ್ಲೇ ಏಳೆಂಟು ಸಾವಿರ ಜಾಸ್ತಿ. ಅವನು ಯಾಕೆ ಬಿಟ್ಟು ಹೋಗುತ್ತಾನೆ? ಹೋಗುವವರು ಮೇಲಿನವರೇ. ನಿಮ್ಮ ನಿಜವಾದ ಅಂಕಿ ಹಾಕಿ ನೋಡಿ. ಹೋದ ಇಬ್ಬರೂ ಪಟ್ಟಿಯ ಮೊದಲ ಐದರಲ್ಲಿ ಇದ್ದರೆ ನನಗೆ ಆಶ್ಚರ್ಯ ಆಗುವುದಿಲ್ಲ.

ಹಾಗಂತ ಹಳೆಯ ಪದ್ಧತಿಗೇ ವಾಪಸ್ ಹೋಗಿ ಅನ್ನುತ್ತಿಲ್ಲ. ಬರೀ ಪೆಟ್ಟಿಗೆ ಎಣಿಸಿ ದುಡ್ಡು ಕೊಟ್ಟರೆ ಮರಳು ಸರಿಯಾಗಿ ಬಡಿಯುವ ವ್ಯವಧಾನ ಯಾರಿಗೂ ಇರುವುದಿಲ್ಲ. ತಿಂಗಳಿಗೆ ಇಂತಿಷ್ಟು ಖಚಿತ ಅಂತ ಮಾಡಿ. ಅದರ ಮೇಲೆ, ಎರಕ ಬಿಚ್ಚಿ, ಮರಳು ಉದುರಿಸಿ ನೋಡಿದಾಗ ಪಾಸಾದ ಪೆಟ್ಟಿಗೆಗಳಿಗೆ ಲೆಕ್ಕದ ಹಣ ಕೊಡಿ. ಚುರುಕಿನವನಿಗೆ ಹಳೆಯದಕ್ಕಿಂತ ಕಡಿಮೆ ಬರಬಾರದು, ಅಷ್ಟೇ ಅಳತೆಗೋಲು.

ಈಗ ಮೆಲ್ಟರ್ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚುಚ್ಚಿದ ಸಾಲು ಆ ‘ಒಪ್ಪಿಗೆ’ಯದು. ಕಬ್ಬಿಣ ಕರಗಿದ ಮೇಲೆ ನಿಮ್ಮ ಮೆಲ್ಟರ್ ಏನು ಮಾಡುತ್ತಾರೆ ಅಂತ ಒಮ್ಮೆ ನಿಂತು ನೋಡಿದ್ದೀರಾ? ಒಂದು ಬೆಣೆಯಾಕಾರದ ಚಿಕ್ಕ ತುಂಡು ಎರೆದು, ಆರಿಸಿ, ಒಡೆಯುತ್ತಾರೆ. ಚೂಪು ತುದಿಯಲ್ಲಿ ಬೆಳ್ಳಗೆ ಎಷ್ಟು ಆಳಕ್ಕೆ ಇದೆ ಅಂತ ನೋಡುತ್ತಾರೆ. ಬಿಳಿ ಜಾಸ್ತಿ ಇದ್ದರೆ ಎರಕದ ತೆಳುವಾದ ಅಂಚುಗಳು ಗಾಜಿನಂತೆ ಗಡುಸಾಗುತ್ತವೆ. ಆಗ ಒಂದಿಷ್ಟು ಫೆರೋಸಿಲಿಕಾನ್ ಹಾಕಬೇಕು, ಇಲ್ಲವೇ ಕಾರ್ಬನ್ ಏರಿಸಬೇಕು. ಈ ತೀರ್ಮಾನಕ್ಕೆ ಅವರಿಗೆ ಸಿಗುವುದು ಕೆಲವೇ ನಿಮಿಷ. ಕರಗಿದ ಕಬ್ಬಿಣವನ್ನು ಕುಲುಮೆಯಲ್ಲಿ ಕಾಯಿಸುತ್ತಾ ಇಟ್ಟಷ್ಟೂ ಆ ಬಿಳಿ ಇನ್ನೂ ಆಳಕ್ಕೆ ಇಳಿಯುತ್ತದೆ. ಮೊದಲೇ ಫೆರೋಸಿಲಿಕಾನ್ ಹಾಕಿದ್ದರೂ ಅದರ ಗುಣ ಸ್ವಲ್ಪ ಹೊತ್ತಿಗೇ ಇಳಿದುಹೋಗುತ್ತದೆ.

ಇಂಥ ಹೊತ್ತಿನಲ್ಲಿ ನೀವು ಅವರಿಗೆ ಪೀಣ್ಯದಿಂದ ಮೇಲ್ ಬರಲಿ, ಕಾಯಿರಿ ಅಂದಿರಿ. ಅಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಕುಲುಮೆ ಹಚ್ಚಿದರೆ, ಇಲ್ಲಿ ಮೇಲ್ ತೆರೆಯುವುದು ಎಂಟೂವರೆಗೆ ತಾನೇ? ಅವರು ಒಂದೋ ಕಾಯ್ದು ಕಬ್ಬಿಣ ಕೆಡಿಸಬೇಕು, ಇಲ್ಲ ಕೇಳದೆ ಮಾಡಿ ಬೈಸಿಕೊಳ್ಳಬೇಕು. ಕೆಟ್ಟ ಕಬ್ಬಿಣದ ಎರಕ ನಾಲ್ಕು ದಿನಕ್ಕೆ ನಿಮ್ಮ ಮಷೀನಿಗೆ ಬರುತ್ತದೆ. ಗಡುಸು ಅಂಚಿಗೆ ತಾಗಿ, ಮಷೀನಿನ ಕತ್ತರಿಸುವ ತುದಿಯಾದ ಇನ್ಸರ್ಟ್ ಚಕ್ಕೆ ಏಳುತ್ತದೆ. ನಿಮ್ಮ ಆಪರೇಟರ್ ‘ಬೆಳಗಾವಿ ಮಾಲು ಸರಿಯಿಲ್ಲ’ ಅಂತ ಬರೆಯುತ್ತಾನೆ. ಏರಿದ ರಿಜೆಕ್ಷನ್‌ನಲ್ಲಿ ಎಷ್ಟು ಭಾಗ ಇದು ಅಂತ ಬೇರೆ ಮಾಡಿ ನೋಡಿ. ಇನ್ಸರ್ಟ್ ಖರ್ಚಿನ ಪುಸ್ತಕವನ್ನೂ ಒಪ್ಪಿಗೆಯ ಮೇಲ್‌ಗಳ ಸಮಯವನ್ನೂ ಪಕ್ಕಪಕ್ಕ ಇಟ್ಟರೆ ಒಂದು ಮಧ್ಯಾಹ್ನದಲ್ಲಿ ಗೊತ್ತಾಗುತ್ತದೆ.

ಪರಿಹಾರ ಸುಲಭ, ಆದರೆ ಬರವಣಿಗೆಯಲ್ಲಿ ಇರಬೇಕು. ನಿಮ್ಮ ಕ್ವಾಲಿಟಿ ಮ್ಯಾನೇಜರ್ ಬೆಳಗಾವಿಗೆ ಹೋಗಿ ಮೆಲ್ಟರ್ ಜೊತೆ ಒಂದು ವಾರ ಇರಲಿ. ಬೆಣೆಯಲ್ಲಿ ಬಿಳಿ ಇಷ್ಟು ಮಿಲಿಮೀಟರ್ ದಾಟಿದರೆ ಇಷ್ಟು ಕಿಲೋವರೆಗೆ ಫೆರೋಸಿಲಿಕಾನ್ ಹಾಕುವುದು ಮೆಲ್ಟರ್ ತೀರ್ಮಾನ, ಯಾರನ್ನೂ ಕೇಳಬೇಕಿಲ್ಲ. ಹಾಕಿದ ಮೇಲೆ ಪುಸ್ತಕದಲ್ಲಿ ಬರೆದರೆ ಸಾಕು. ಆ ಮಿತಿ ದಾಟಿದರೆ ಮಾತ್ರ ಫೋನ್, ಅದೂ ರಾತ್ರಿ ಎತ್ತುವ ಫೋನ್. ಒಡೆದ ಬೆಣೆಗಳನ್ನು, ಪ್ರತಿ ಸಲ ಕರಗಿಸಿದ್ದಕ್ಕೆ ಕೊಡುವ ಹೀಟ್ ನಂಬರ್ ಬರೆದು ಡಬ್ಬಿಯಲ್ಲಿ ಇಡಿಸಿ. ಆಮೇಲೆ ಜಗಳ ಬಂದರೆ ಮಾತಿಗಿಂತ ಅದು ವಾಸಿ.

ಇದೇ ಹೊತ್ತಿನಲ್ಲಿ ಒಂದು ತಪ್ಪು ಮಾಡಬೇಡಿ. ‘ಅವರು ಹೋಗುವ ಮೊದಲು ಅವರಿಗೆ ಗೊತ್ತಿರುವುದನ್ನೆಲ್ಲ ಬರೆದುಕೊಳ್ಳಿ’ ಅಂತ ಒಬ್ಬ ಹುಡುಗನನ್ನು ನೋಟ್‌ಬುಕ್ ಕೊಟ್ಟು ಪಕ್ಕದಲ್ಲಿ ನಿಲ್ಲಿಸುವುದು. ತನ್ನ ಜಾಗಕ್ಕೆ ಜನ ತಯಾರಾಗುತ್ತಿದ್ದಾರೆ ಅಂತ ಯಾರಿಗಾದರೂ ಅರ್ಥ ಆಗುತ್ತದೆ. ಸಹಾಯಕ ಬೇಕೇ ಬೇಕು, ಆದರೆ ಅವನನ್ನು ಮೆಲ್ಟರೇ ಆರಿಸಲಿ.

ಇನ್ನು ರಿಜೆಕ್ಷನ್. ನಾನು ಪತ್ರಿಕೆಗೆ ಬರುವ ಮೊದಲು ಬೆಂಗಳೂರಿನ ಒಂದು ಯಂತ್ರೋಪಕರಣ ಕಾರ್ಖಾನೆಯ ಇನ್‌ವರ್ಡ್ ಇನ್ಸ್‌ಪೆಕ್ಷನ್‌ನಲ್ಲಿ ಒಂಬತ್ತು ವರ್ಷ ಇದ್ದೆ. ನಮ್ಮವರೂ ಒಂದು ಫೌಂಡ್ರಿಯನ್ನು ಕೊಂಡರು. ಕೊಳ್ಳುವ ಮುಂಚೆ ಅವರು ಸಪ್ಲೈಯರ್, ಮಾಲು ಕೆಟ್ಟರೆ ಅದರ ದುಡ್ಡು ಮುರಿದುಕೊಳ್ಳುತ್ತೇವೆ ಅಂತ ನಾವು ಡೆಬಿಟ್ ನೋಟು ಕಳಿಸುತ್ತಿದ್ದೆವು. ಕೊಂಡ ಮೇಲೂ ಕಳಿಸುತ್ತಲೇ ಇದ್ದೆವು! ಒಂದೇ ಜೇಬಿನ ದುಡ್ಡನ್ನು ಎಡದಿಂದ ಬಲಕ್ಕೆ ಹಾಕುವುದು. ಆ ನೋಟುಗಳಲ್ಲಿ ಎಷ್ಟೋ ನಾನೇ ಸಹಿ ಮಾಡಿದ್ದು. ಕಾರಣದ ಕಲಂನಲ್ಲಿ ಸುಮ್ನೆ ‘ಬ್ಲೋಹೋಲ್’ ಅಂತ ಬರೆಯುತ್ತಿದ್ದೆ, ತೂತು ಯಾವುದೇ ಇರಲಿ. ಎರಡು ವರ್ಷದಲ್ಲಿ ಅಲ್ಲಿನ ಪ್ಯಾಟರ್ನ್ ಮೇಕರ್ ಬಿಟ್ಟರು. ಹೋಗುವಾಗ ಅವರು ನನಗೆ ಹೇಳಿದ್ದು ಇಷ್ಟೇ: “ಮೊದಲ ನೀವು ಗಿರಾಕಿ ಇದ್ರಿ, ಬೈದ್ರ ಬಾಜೂದ ಗಿರಾಕಿ ಹಂತೇಕ ಹೋಗ್ತಿದ್ವಿ. ಈಗ ಮನಿಯವರ ಬೈಯ್ಯಾಕ ಹತ್ತಿದ್ರ ಎಲ್ಲಿ ಹೋಗೂಣ್ರೀ?”

ಹಾಗಾಗಿ ಎರಡೂ ತಂಡ ಮೊದಲು ಕೂಡಬೇಕಾದ ಜಾಗ ಹಾಜರಿ ಪುಸ್ತಕ ಅಲ್ಲ, ರಿಜೆಕ್ಟ್ ಆದ ಎರಕಗಳ ರಾಶಿ. ಹದಿನೈದು ದಿನಕ್ಕೊಮ್ಮೆ ಬೆಳಗಾವಿಯಿಂದ ಇಬ್ಬರು ಪೀಣ್ಯಕ್ಕೆ ಬರಲಿ, ಮುಂದಿನ ಸಲ ಇಲ್ಲಿನ ಇಬ್ಬರು ಅಲ್ಲಿಗೆ ಹೋಗಲಿ. ಕೆಟ್ಟ ತುಂಡುಗಳನ್ನು ಗರಗಸದಲ್ಲಿ ಕೊಯ್ದು ಒಟ್ಟಿಗೆ ನೋಡಲಿ. ತೂತಿನ ಗೋಡೆ ನುಣುಪಾಗಿ, ದುಂಡಗೆ ಇದ್ದರೆ ಅದು ಗಾಳಿ: ಮರಳಿನ ತೇವ, ಟೊಳ್ಳು ಭಾಗಕ್ಕೆ ಇಡುವ ಕೋರ್, ಗಾಳಿ ಹೋಗುವ ದಾರಿ ನೋಡಬೇಕು. ದಪ್ಪ ಭಾಗದ ಒಳಗೆ ಒರಟು ಒರಟಾಗಿ, ಸ್ಪಂಜಿನ ಹಾಗೆ ಇದ್ದರೆ ಅದು ಕುಗ್ಗಿದ್ದು. ಅಲ್ಲಿ ಎರಕ ಕುಗ್ಗುವಾಗ ಕಬ್ಬಿಣ ಒದಗಿಸುವ ರೈಸರ್ ಸಾಲದಿರಬಹುದು, ಇಲ್ಲವೇ ಒಮ್ಮೆಲೇ ದಪ್ಪ, ಒಮ್ಮೆಲೇ ತೆಳು ಮಾಡಿದ ಡ್ರಾಯಿಂಗೇ ಕಾರಣ ಇರಬಹುದು. ಹಾಗಿದ್ದರೆ ತಪ್ಪು ಪೀಣ್ಯದ್ದು. ತೂತಿನಲ್ಲಿ ಮರಳಿನ ಕಣ ಇದ್ದರೆ ಮೋಲ್ಡು ಒಡೆದಿದೆ. ಪುಸ್ತಕದಲ್ಲಿ ‘ಯಾರ ತಪ್ಪು’ ಅನ್ನುವ ಕಲಂ ಬೇಡ, ‘ಯಾವ ತೂತು’ ಅನ್ನುವುದು ಸಾಕು. ನೀವೂ ಡೆಬಿಟ್ ನೋಟು ಕಳಿಸುತ್ತಿದ್ದರೆ ಅದನ್ನು ನಾಳೆಯೇ ನಿಲ್ಲಿಸಿ.

ಬಾಂಡ್ ಬಗ್ಗೆ. ಕೆಲಸ ಬಿಟ್ಟ ಮೇಲೆ ಪಕ್ಕದ ಫೌಂಡ್ರಿಗೆ ಸೇರಬಾರದು ಅಂತ ಬರೆಸಿಕೊಂಡರೆ ಅದು ನಿಲ್ಲುವುದಿಲ್ಲ. 1872ರ ಕರಾರು ಕಾಯಿದೆಯ 27ನೇ ಕಲಂ ಅಂಥ ಕರಾರನ್ನೇ ಅನೂರ್ಜಿತ ಅನ್ನುತ್ತದೆ. ಇಷ್ಟು ವರ್ಷ ಇರಬೇಕು, ಇಲ್ಲದಿದ್ದರೆ ಇಷ್ಟು ಹಣ ಕಟ್ಟಬೇಕು ಅನ್ನುವುದು ಬೇರೆ ಮಾತು. ನಮ್ಮ ಕರಾವಳಿಯಲ್ಲೇ ಹುಟ್ಟಿದ ವಿಜಯಾ ಬ್ಯಾಂಕಿನ ಅಂಥ 2 ಲಕ್ಷದ ಷರತ್ತನ್ನು ಸುಪ್ರೀಂ ಕೋರ್ಟು 2025ರಲ್ಲಿ ಒಪ್ಪಿದೆ. ಆದರೆ ಅದು ಸರಕಾರಿ ಬ್ಯಾಂಕು, ಕೆಲಸಕ್ಕೆ ಸೇರುವಾಗಲೇ ತಿಳಿಸಿದ ಷರತ್ತು. ಮುನಿಸಿಕೊಂಡ ಮೆಲ್ಟರ್ ಮುಂದೆ ಈಗ ಛಾಪಾ ಕಾಗದ ಹಿಡಿದರೆ ಅವರು ದೀಪಾವಳಿಯವರೆಗೂ ಕಾಯುವುದಿಲ್ಲ. 2006ರಲ್ಲಿ ಡಿಸ್ನಿ ಕಂಪನಿ 740 ಕೋಟಿ ಡಾಲರ್ ಕೊಟ್ಟು ಪಿಕ್ಸಾರ್ ಸ್ಟುಡಿಯೋ ಕೊಂಡಾಗ, ಅಲ್ಲಿ ಏನೇನು ಬದಲಾಗಬಾರದು ಅಂತ ಒಂದು ಪಟ್ಟಿಯನ್ನೇ ಒಪ್ಪಿಕೊಂಡಿತು. ಪಿಕ್ಸಾರ್‌ನವರು ಉದ್ಯೋಗದ ಕರಾರಿಗೆ ಸಹಿ ಹಾಕಬೇಕಿಲ್ಲ ಅನ್ನುವುದು ಅದರಲ್ಲಿ ಒಂದು. ಗೇಟಿನ ಮೇಲಿನ ಬೋರ್ಡು ಕೂಡ ಹಾಗೇ ಇರಬೇಕು ಅನ್ನುವುದು ಇನ್ನೊಂದು. ಅಂಥ ದೊಡ್ಡವರಿಗೇ ಆ ಪಟ್ಟಿ ಬೇಕಾಯಿತು. ನೀವು ಬೆಳಗಾವಿಯಲ್ಲಿ ಬೋರ್ಡು ಬದಲಿಸಿದ್ದೀರಾ?

ನಿಮ್ಮ ಪಟ್ಟಿಯಲ್ಲಿ ಏನಿರಬೇಕು ಅನ್ನುವುದನ್ನು ಅಲ್ಲಿನವರೇ ಹೇಳಲಿ. ಮಗಳ ಮದುವೆಗೆ ಕೈಗಡ ಕೇಳಿದರೆ ಹಳೆಯ ಮಾಲಕರು ಸಂಜೆಯೊಳಗೆ ಕೊಡುತ್ತಿದ್ದರೋ ಏನೋ. ಅವರು ನಿಮ್ಮ ಜೊತೆ ಇರುವುದು ಇನ್ನು ನಾಲ್ಕೇ ತಿಂಗಳು. ಅವರು ಹೋದ ಮೇಲೆ ಇಂಥ ಮಾತನ್ನು ಯಾರ ಹತ್ತಿರ ಹೇಳಬೇಕು ಅಂತ 46 ಜನರಿಗೂ ಹೆಸರು ಹಿಡಿದು ಗೊತ್ತಿರಬೇಕು. ಎಚ್‌ಆರ್ ಪೋರ್ಟಲ್ ಅಂತ ಮಾತ್ರ ಹೇಳಬೇಡಿ. ಆದರೆ ಹಳೆಯದು ಅಂತ ಎಲ್ಲವನ್ನೂ ಉಳಿಸುವುದೂ ಬೇಡ. ಕನ್ನಡಕ ಇಲ್ಲದೆ ಲ್ಯಾಡಲ್ ಹಿಡಿಯುವುದು, ಒದ್ದೆ ಗುಜರಿಯನ್ನು ಕರಗಿದ ಕಬ್ಬಿಣಕ್ಕೆ ಹಾಕುವುದು, ಇವಕ್ಕೆ ರಾಜಿ ಇಲ್ಲ. ನೀರು ಒಳಗೆ ಹೋದರೆ ಕುಲುಮೆಯೇ ಸಿಡಿಯುತ್ತದೆ.

ಇನ್ನೊಂದು ವಿಷಯ, ಬಹುಶಃ ಯಾರೂ ನಿಮ್ಮನ್ನು ಬಾಯಿಬಿಟ್ಟು ಕೇಳಿರುವುದಿಲ್ಲ. ಕಂಪನಿಯ ಷೇರು ಕೊಳ್ಳದೆ ಜಾಗ, ಯಂತ್ರ ಕೊಂಡಿದ್ದೀರಿ ಅನಿಸುತ್ತದೆ. ಹಾಗಿದ್ದರೆ ಅವರ ಹಳೆಯ ವರ್ಷಗಳ ಗತಿ ಏನು? ಮೆಲ್ಟರ್‌ಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 26,000 ಇದ್ದರೆ ವರ್ಷಕ್ಕೆ 15 ದಿನದ ಲೆಕ್ಕದಲ್ಲಿ ಗ್ರಾಚ್ಯುಟಿ 15,000 ರೂಪಾಯಿ. 18 ವರ್ಷಕ್ಕೆ 2,70,000. ಈ ಹಣ ಉಳಿದಿದೆಯೋ ಮುಳುಗಿತೋ ಅಂತ ಗೊತ್ತಿಲ್ಲದ ಮನುಷ್ಯ ಪಕ್ಕದವರು ಕರೆದರೆ ಹೊರಟೇ ಬಿಡುತ್ತಾನೆ. ಪ್ರತಿಯೊಬ್ಬರಿಗೂ ಕನ್ನಡದಲ್ಲಿ, ಬೇಕಾದವರಿಗೆ ಮರಾಠಿಯಲ್ಲಿ, ಒಂದೊಂದು ಪತ್ರ ಕೊಡಿ: ಮೊದಲು ಸೇರಿದ ತಾರೀಕು, ಅಲ್ಲಿಂದಲೇ ಸೇವೆ ಮುಂದುವರಿದಿದೆ ಎಂಬ ಮಾತು, ಬಾಕಿ ರಜೆಯ ಲೆಕ್ಕ, ನಿಮ್ಮ ಸಹಿ. ಹಳೆಯ ಬಾಕಿ ಯಾರ ತಲೆಗೆ ಅಂತ ಮಾರಾಟದ ಕರಾರಿನಲ್ಲಿ ಏನಿದೆಯೋ ವಕೀಲರಿಗೆ ತೋರಿಸಿ ಬರೆಯಿರಿ.

ಮೆಲ್ಟರ್‌ಗೆ ಉಳಿಯುವ ಹಣ ಕೊಡಬೇಕು ಅಂದರೆ ಕೊಡಿ, ತಪ್ಪಿಲ್ಲ. ಅರ್ಧ ಮುಂದಿನ ಯುಗಾದಿಗೆ, ಅರ್ಧ ಅದರ ಮುಂದಿನ ದೀಪಾವಳಿಗೆ. ಆದರೆ ಮೊದಲ ಮಾತೇ ದುಡ್ಡಿನದಾಗುವುದು ಬೇಡ, ಮೊದಲು ಆ ಒಪ್ಪಿಗೆಯ ನಿಯಮ ತೆಗೆಯಿರಿ. ಅಷ್ಟಾದ ಮೇಲೂ ಅವರು ಹೋಗಬಹುದು. ಹೋದ ಮೋಲ್ಡರ್‌ಗಳು ವಾಪಸ್ ಬರದೆಯೂ ಇರಬಹುದು, ಆದರೆ ಹೊಸ ಲೆಕ್ಕದ ಸುದ್ದಿ ಅವರ ಕಿವಿಗೆ ಎರಡು ದಿನದಲ್ಲಿ ಬೀಳುತ್ತದೆ, ಉದ್ಯಮಬಾಗ ಅಷ್ಟೇನೂ ದೊಡ್ಡದಲ್ಲ.

ಎಚ್‌ಆರ್ ಅವರನ್ನು ಕಳಿಸಬೇಡಿ, ನೀವೇ ಹೋಗಿ. ಆಫೀಸಿಗೆ ಕರೆಸಬೇಡಿ. ಕುಲುಮೆ ಹಚ್ಚುವ ಹೊತ್ತಿಗೆ ಅಲ್ಲಿರಿ, ಒಂದು ಹೀಟ್ ಪೂರ್ತಿ ನಿಂತು ನೋಡಿ. ಬೆಣೆ ಒಡೆದಾಗ ಕೈಗೆ ತೆಗೆದುಕೊಂಡು, ಇದರಲ್ಲಿ ನಿಮಗೆ ಏನು ಕಾಣುತ್ತದೆ ಅಂತ ಕೇಳಿ. ಸ್ವಲ್ಪ ಆರಲು ಬಿಡಿ, ಬಿಸಿ ಇರುತ್ತದೆ.